ಒಂದು ಮಾತ್ರೆಗೆ ಎಷ್ಟು? ಬ್ರ್ಯಾಂಡ್, ಜೆನೆರಿಕ್ ಮತ್ತು ಅಂಗಡಿಯ ರಿಯಾಯಿತಿ

ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ತಿಂಗಳು ತಿಂಗಳೂ ಮಾತ್ರೆ ಕೊಳ್ಳುವ ಮನೆಗಳಿಗೆ ಮೂರು ಬಗೆಯ ಫಲಕಗಳು ಪರಿಚಿತ. ಒಂದು ಮೆಡಿಕಲ್ ಶಾಪಿನಲ್ಲಿ ‘ಎಲ್ಲ ಔಷಧಗಳ ಮೇಲೆ 10% ರಿಯಾಯಿತಿ’ ಎಂದಿರುತ್ತದೆ. ಇನ್ನೊಂದರಲ್ಲಿ ‘ಜೆನೆರಿಕ್ ಮೇಲೆ 50ರಿಂದ 80% ರಿಯಾಯಿತಿ’ ಎಂದಿರುತ್ತದೆ. ಮೂರನೆಯದು ಜನೌಷಧಿ ಕೇಂದ್ರ. ಅಲ್ಲಿ ರಿಯಾಯಿತಿಯ ಮಾತೇ ಇಲ್ಲ, ಮುದ್ರಿತ ಬೆಲೆಯೇ ಮಾರಾಟದ ಬೆಲೆ. ಇವುಗಳಲ್ಲಿ ಯಾವುದು ಅಗ್ಗ ಎಂದು ಕೇಳಿದರೆ ಹೆಚ್ಚಿನವರು ಶೇಕಡಾವಾರು ದೊಡ್ಡದಿರುವ ಅಂಗಡಿಯತ್ತ ಕೈ ತೋರಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಉತ್ತರ ಬೇರೆಯೇ ಬರುತ್ತದೆ.

ರಿಯಾಯಿತಿಯ ಶೇಕಡಾವಾರು ನಮಗೆ ಬೆಲೆಯನ್ನು ಹೇಳುವುದಿಲ್ಲ. ಮುದ್ರಿತ ಬೆಲೆಗೂ ಅಂಗಡಿಯವರು ಕೊಂಡ ಬೆಲೆಗೂ ನಡುವೆ ಎಷ್ಟು ಜಾಗವಿದೆ ಎಂಬುದನ್ನಷ್ಟೇ ಅದು ಸೂಚಿಸುತ್ತದೆ. ಹೋಲಿಕೆಗೆ ನಿಲ್ಲುವ ಅಂಕಿ ಒಂದೇ: ಅದೇ ಔಷಧದ, ಅದೇ ಪ್ರಮಾಣದ ಒಂದು ಮಾತ್ರೆಗೆ ಕೊನೆಗೆ ನಮ್ಮ ಜೇಬಿನಿಂದ ಹೋದ ದುಡ್ಡು. ಈ ಲೆಕ್ಕವನ್ನು ರಕ್ತದೊತ್ತಡಕ್ಕೆ ವ್ಯಾಪಕವಾಗಿ ಬರೆದುಕೊಡುವ ಟೆಲ್ಮಿಸಾರ್ಟನ್ 40 ಎಂಜಿ ಮಾತ್ರೆಯನ್ನು ಹಿಡಿದು ನೋಡೋಣ.

ಮೊದಲು, ಅದೇ ಮಾತ್ರೆ ತಾನೇ?

ಎರಡು ಸ್ಟ್ರಿಪ್‌ಗಳ ಬೆಲೆ ಹೋಲಿಸುವ ಮೊದಲು ನಾಲ್ಕು ಸಂಗತಿ ತಾಳೆಯಾಗಬೇಕು. ಒಳಗಿನ ಔಷಧದ ಹೆಸರು ಒಂದೇ ಇರಬೇಕು. ಪ್ರಮಾಣ ಒಂದೇ ಇರಬೇಕು. ಮಾತ್ರೆಯ ಬಗೆ ಒಂದೇ ಇರಬೇಕು, ಅಂದರೆ ಸಾಮಾನ್ಯ ಮಾತ್ರೆಯನ್ನು ನಿಧಾನವಾಗಿ ಕರಗುವ ‘ಎಸ್‌ಆರ್’ ಮಾತ್ರೆಯ ಜೊತೆ ಹೋಲಿಸುವಂತಿಲ್ಲ. ಕೊನೆಯದಾಗಿ, ಸ್ಟ್ರಿಪ್‌ನಲ್ಲಿ ಎಷ್ಟು ಮಾತ್ರೆ ಇವೆ ಎಂದು ಎಣಿಸಬೇಕು.

ಟೆಲ್ಮಿಸಾರ್ಟನ್‌ನಲ್ಲಿ ಎಡವುವುದು ಹೆಚ್ಚಾಗಿ ಮೊದಲನೆಯ ಮತ್ತು ಕೊನೆಯ ಅಂಶಗಳಲ್ಲಿ. ಈ ಔಷಧ ಒಂಟಿಯಾಗಿ ಬರುವಂತೆ ಆಮ್ಲೋಡಿಪಿನ್ ಜೊತೆಗೂ, ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಜೊತೆಗೂ ಸೇರಿ ಬರುತ್ತದೆ. ಬ್ರ್ಯಾಂಡ್ ಹೆಸರು ಒಂದೇ ಇದ್ದು ಕೊನೆಯಲ್ಲಿ ‘ಎಎಂ’ ಅಥವಾ ‘ಎಚ್’ ಎಂಬ ಅಕ್ಷರ ಅಂಟಿಕೊಂಡಿದ್ದರೆ ಅದು ಬೇರೆಯೇ ಔಷಧ. ಇನ್ನು ಸ್ಟ್ರಿಪ್‌ನ ವಿಷಯ. ಜೆನೆರಿಕ್ ಸ್ಟ್ರಿಪ್ ಸಾಮಾನ್ಯವಾಗಿ ಹತ್ತರದ್ದು. ಬ್ರ್ಯಾಂಡ್‌ಗಳಲ್ಲಿ ಹತ್ತು, ಹದಿನಾಲ್ಕು, ಹದಿನೈದು, ಮೂವತ್ತು ಎಲ್ಲವೂ ಇವೆ. ಸ್ಟ್ರಿಪ್‌ಗೆ ಸ್ಟ್ರಿಪ್ ಹೋಲಿಸಿದರೆ ಹದಿನೈದರ ಸ್ಟ್ರಿಪ್ ಇರುವುದಕ್ಕಿಂತ ದುಬಾರಿಯಾಗಿ ಕಾಣುತ್ತದೆ, ಹತ್ತರದ್ದು ಇರುವುದಕ್ಕಿಂತ ಅಗ್ಗವಾಗಿ ಕಾಣುತ್ತದೆ.

‘ಜೆನೆರಿಕ್’ ಎಂದರೆ ಯಾವುದು?

ನಮ್ಮ ಮಾರುಕಟ್ಟೆಯಲ್ಲಿ ಬ್ರ್ಯಾಂಡ್ ಒಂದು ಕಡೆ, ಜೆನೆರಿಕ್ ಒಂದು ಕಡೆ ಎಂಬ ಸರಳ ವಿಭಜನೆ ಇಲ್ಲ. 1970ರ ಪೇಟೆಂಟ್ ಕಾಯ್ದೆ ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕೇ ಪೇಟೆಂಟ್ ಬಂದದ್ದು 2005ರಿಂದ. ಹೀಗಾಗಿ ನಾವು ಬ್ರ್ಯಾಂಡ್ ಎಂದು ಕರೆಯುವ ಬಹುಪಾಲು ಮಾತ್ರೆಗಳು ಮೂಲ ಸಂಶೋಧಕ ಕಂಪನಿಯವಲ್ಲ. ಪೇಟೆಂಟ್ ಇಲ್ಲದ ಔಷಧಕ್ಕೆ ಭಾರತೀಯ ಕಂಪನಿಗಳು ತಮ್ಮದೊಂದು ಹೆಸರಿಟ್ಟು, ಪ್ರತಿನಿಧಿಗಳನ್ನು ವೈದ್ಯರ ಬಳಿಗೆ ಕಳಿಸಿ ಮಾರುವ ಮಾತ್ರೆಗಳು ಅವು.

ಎರಡನೆಯ ಗುಂಪನ್ನು ವ್ಯಾಪಾರದ ಮಂದಿ ‘ಟ್ರೇಡ್ ಜೆನೆರಿಕ್’ ಎನ್ನುತ್ತಾರೆ. ಇವಕ್ಕೂ ಬ್ರ್ಯಾಂಡ್ ಹೆಸರಿರುತ್ತದೆ, ಎಷ್ಟೋ ಸಲ ತಯಾರಕರೂ ದೊಡ್ಡ ಕಂಪನಿಗಳೇ. ಆದರೆ ಇವನ್ನು ವೈದ್ಯರ ಮುಂದೆ ಪ್ರಚಾರ ಮಾಡುವುದಿಲ್ಲ. ಸಗಟು ವ್ಯಾಪಾರಿಯ ಮೂಲಕ ನೇರವಾಗಿ ಔಷಧ ಅಂಗಡಿಗೆ ಬರುತ್ತವೆ. ‘ಮಾರಿಸಬೇಕಾದವರು’ ಇಲ್ಲಿ ಅಂಗಡಿಯವರೇ ಆದ್ದರಿಂದ ಪ್ರಚಾರಕ್ಕೆ ಹೋಗಬೇಕಿದ್ದ ದುಡ್ಡು ಅವರ ಲಾಭಾಂಶವಾಗುತ್ತದೆ.

ಮೂರನೆಯದು ಬರೀ ಔಷಧದ ಹೆಸರಿನಲ್ಲೇ ಮಾರಾಟವಾಗುವ ಜೆನೆರಿಕ್. ಜನೌಷಧಿ ಕೇಂದ್ರಗಳಲ್ಲಿ ಸಿಗುವುದು ಇದು. ಮೊದಲ ಕೇಂದ್ರ 2008ರಲ್ಲಿ ಅಮೃತಸರದಲ್ಲಿ ತೆರೆಯಿತು. ಅಲ್ಲಿನ ದರ, ಮುಂಚೂಣಿಯ ಮೂರು ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧವನ್ನು ಮೀರಬಾರದು ಎಂಬುದು ಯೋಜನೆಯ ನಿಯಮ. ಕೇಂದ್ರ ನಡೆಸುವವರಿಗೆ ತೆರಿಗೆ ಬಿಟ್ಟ ಎಂಆರ್‌ಪಿಯ ಮೇಲೆ 20% ಕಮಿಷನ್.

ಒಂದು ಲೆಕ್ಕ, ಕೊನೆಯವರೆಗೆ

ಕೆಳಗಿನ ಬೆಲೆಗಳು ಲೆಕ್ಕದ ವಿಧಾನ ತೋರಿಸಲೆಂದು ಇಟ್ಟುಕೊಂಡವು. ಓದುಗರು ತಮ್ಮ ಬಿಲ್ಲಿನ ಅಂಕಿಗಳನ್ನು ಇದೇ ಜಾಗದಲ್ಲಿ ಇಟ್ಟು ನೋಡಬಹುದು. ನಾಲ್ಕೂ ಟೆಲ್ಮಿಸಾರ್ಟನ್ 40 ಎಂಜಿಯ ಸಾಮಾನ್ಯ ಮಾತ್ರೆಗಳೇ, ದಿನಕ್ಕೆ ಒಂದು.

| ಯಾವುದು | ಸ್ಟ್ರಿಪ್‌ನಲ್ಲಿ | ಎಂಆರ್‌ಪಿ (ರೂ.) | ರಿಯಾಯಿತಿ | ಕೊಟ್ಟದ್ದು (ರೂ.) | ಒಂದು ಮಾತ್ರೆಗೆ (ರೂ.) |
|---|---|---|---|---|---|
| ಹೆಸರಾಂತ ಬ್ರ್ಯಾಂಡ್ | 15 | 114 | 10% | 102.60 | 6.84 |
| ಟ್ರೇಡ್ ಜೆನೆರಿಕ್ | 10 | 72 | 50% | 36.00 | 3.60 |
| ಇನ್ನೊಂದು ಕಂಪನಿಯ ಬ್ರ್ಯಾಂಡ್ | 10 | 38 | 10% | 34.20 | 3.42 |
| ಜನೌಷಧಿ | 10 | 12 | ಇಲ್ಲ | 12.00 | 1.20 |

ಸೂತ್ರ ಸರಳ. ಎಂಆರ್‌ಪಿಯಿಂದ ರಿಯಾಯಿತಿ ಕಳೆದು, ಉಳಿದದ್ದನ್ನು ಸ್ಟ್ರಿಪ್‌ನ ಮಾತ್ರೆಗಳ ಸಂಖ್ಯೆಯಿಂದ ಭಾಗಿಸಬೇಕು. ವರ್ಷದ ಖರ್ಚು ಬೇಕಿದ್ದರೆ 365ರಿಂದ ಗುಣಿಸಬೇಕು. ಮೊದಲನೆಯದು ವರ್ಷಕ್ಕೆ ಸುಮಾರು 2,497 ರೂಪಾಯಿ, ಎರಡನೆಯದು 1,314, ಮೂರನೆಯದು 1,248, ಕೊನೆಯದು 438.

ಈ ಪಟ್ಟಿಯ ಎರಡು ಮತ್ತು ಮೂರನೆಯ ಸಾಲನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದಕ್ಕೆ ಅರ್ಧಕ್ಕರ್ಧ ರಿಯಾಯಿತಿ, ಇನ್ನೊಂದಕ್ಕೆ ಹತ್ತು ಮಾತ್ರ. ಆದರೂ ಹತ್ತು ಶೇಕಡಾದ್ದೇ ಹದಿನೆಂಟು ಪೈಸೆ ಅಗ್ಗ. ರಿಯಾಯಿತಿಯೇ ಇಲ್ಲದ ನಾಲ್ಕನೆಯದು ಎಲ್ಲಕ್ಕಿಂತ ಅಗ್ಗ. ಬ್ರ್ಯಾಂಡ್‌ಗಳ ನಡುವೆಯೇ ಇಷ್ಟು ಅಂತರ ಇರಬಹುದು ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಬ್ರ್ಯಾಂಡ್ ಬಿಟ್ಟು ಜೆನೆರಿಕ್‌ಗೆ ಹೋಗಲು ಮನಸ್ಸಿಲ್ಲದವರೂ ಒಂದು ಬ್ರ್ಯಾಂಡ್‌ನಿಂದ ಇನ್ನೊಂದಕ್ಕೆ ಹೋಗಿ ಖರ್ಚನ್ನು ಅರ್ಧಕ್ಕೆ ಇಳಿಸಿಕೊಳ್ಳಬಹುದು.

ಆನ್‌ಲೈನ್ ಖರೀದಿಗೂ ಇದೇ ಲೆಕ್ಕ. 114 ರೂಪಾಯಿಯ ಸ್ಟ್ರಿಪ್‌ಗೆ 20% ರಿಯಾಯಿತಿ ಸಿಕ್ಕಿತು, ಮನೆಗೆ ತಲುಪಿಸಲು 49 ರೂಪಾಯಿ ಹಾಕಿದರು ಎನ್ನೋಣ. ಕೊಟ್ಟದ್ದು 140.20, ಮಾತ್ರೆಗೆ 9.35 ಬಿತ್ತು. ಆರು ಸ್ಟ್ರಿಪ್ ಒಟ್ಟಿಗೆ ತರಿಸಿದರೆ ಅದೇ ಸಾಗಣೆ ವೆಚ್ಚ ಹಂಚಿಹೋಗಿ ಮಾತ್ರೆಗೆ 6.62 ಆಗುತ್ತದೆ. ಅಲ್ಪಾವಧಿಯ ಔಷಧಗಳಲ್ಲಿ ಇನ್ನೊಂದು ಅಂಶವಿದೆ. ಐದು ದಿನಕ್ಕೆ ಐದು ಮಾತ್ರೆ ಬೇಕಿದ್ದಾಗ ಅಂಗಡಿಯವರು ಸ್ಟ್ರಿಪ್ ಕತ್ತರಿಸಲು ಒಪ್ಪದೆ ಹತ್ತನ್ನೂ ಕೊಟ್ಟರೆ, ನುಂಗಿದ ಮಾತ್ರೆಯ ಬೆಲೆ ಎರಡರಷ್ಟಾಯಿತು. 10% ರಿಯಾಯಿತಿ ಇದನ್ನು ಸರಿದೂಗಿಸಲಾರದು.

ರಿಯಾಯಿತಿ ಎಲ್ಲಿಂದ ಬರುತ್ತದೆ?

ಮೇಲಿನ ಪಟ್ಟಿ ಹೀಗೇಕೆ ಇದೆ ಎಂದು ತಿಳಿಯಬೇಕಾದರೆ ಅಂಗಡಿಯವರ ಲೆಕ್ಕವನ್ನೂ ನೋಡಬೇಕು. ಸರ್ಕಾರ ಬೆಲೆಯ ಮಿತಿ ಹಾಕಿರುವ ಔಷಧಗಳಲ್ಲಿ ಚಿಲ್ಲರೆ ವ್ಯಾಪಾರಿಗೆ, ಅವರು ಕೊಂಡ ದರದ ಮೇಲೆ 16% ಲಾಭಾಂಶ. ಮಿತಿಯಿಲ್ಲದ ಔಷಧಗಳಲ್ಲಿ ವ್ಯಾಪಾರದ ರೂಢಿಯಂತೆ 20%.

ನಮ್ಮ ಹೆಸರಾಂತ ಬ್ರ್ಯಾಂಡ್‌ನ ಸ್ಟ್ರಿಪ್ ತೆಗೆದುಕೊಳ್ಳೋಣ. ಎಂಆರ್‌ಪಿ 114ರಲ್ಲಿ 5% ಜಿಎಸ್‌ಟಿ ಕಳೆದರೆ ಸುಮಾರು 108.60. ಇದರಲ್ಲಿ ಅಂಗಡಿಯವರ ಪಾಲು 15 ರೂಪಾಯಿಯ ಆಸುಪಾಸು. 10% ರಿಯಾಯಿತಿ ಕೊಟ್ಟಾಗ ಅದರಲ್ಲಿ ಸುಮಾರು 11 ರೂಪಾಯಿ ಹೋಗಿ ಉಳಿಯುವುದು ನಾಲ್ಕೇ ರೂಪಾಯಿ. ಬಾಡಿಗೆ, ಫಾರ್ಮಸಿಸ್ಟ್ ಸಂಬಳ, ಕರೆಂಟು ಎಲ್ಲ ಅದರಲ್ಲೇ ಆಗಬೇಕು. ಹಾಗಾಗಿ ಬ್ರ್ಯಾಂಡ್ ಮೇಲೆ ಬೀದಿಯ ಅಂಗಡಿಯವರು ಹತ್ತಕ್ಕಿಂತ ಹೆಚ್ಚು ಕೊಡಲು ಹಿಂಜರಿದರೆ ಅದು ದುರಾಸೆಯಲ್ಲ. ದೊಡ್ಡ ಸರಣಿ ಮಳಿಗೆಗಳು 15–20% ಕೊಡಬಲ್ಲವು, ಏಕೆಂದರೆ ಅವು ಭಾರಿ ಪ್ರಮಾಣದಲ್ಲಿ ಕೊಳ್ಳುತ್ತವೆ, ‘ಹತ್ತಕ್ಕೆ ಒಂದು ಉಚಿತ’ದಂಥ ಸ್ಕೀಮುಗಳು ಅವಕ್ಕೆ ಸಿಗುತ್ತವೆ.

ಈಗ ಟ್ರೇಡ್ ಜೆನೆರಿಕ್. ಎಂಆರ್‌ಪಿ 72 ಎಂದು ಮುದ್ರಿಸಿದ ಸ್ಟ್ರಿಪ್ ಅಂಗಡಿಗೆ ತೆರಿಗೆ ಬಿಟ್ಟು 15 ರೂಪಾಯಿಗೆ ಬಂದಿದೆ ಎಂದಿಟ್ಟುಕೊಳ್ಳಿ. ಅರ್ಧ ಬೆಲೆಗೆ, ಅಂದರೆ 36ಕ್ಕೆ ಮಾರಿ ಜಿಎಸ್‌ಟಿ ಕಟ್ಟಿದ ಮೇಲೂ ಅಂಗಡಿಗೆ 19 ರೂಪಾಯಿ ಉಳಿಯಿತು. ಮಾತ್ರೆಯ ಲೆಕ್ಕದಲ್ಲಿ ಹೇಳುವುದಾದರೆ, ಬ್ರ್ಯಾಂಡ್‌ನ ಒಂದು ಮಾತ್ರೆಯಿಂದ ಅಂಗಡಿಗೆ ಸಿಕ್ಕದ್ದು ಇಪ್ಪತ್ತೇಳು ಪೈಸೆ, ಟ್ರೇಡ್ ಜೆನೆರಿಕ್‌ನ ಒಂದು ಮಾತ್ರೆಯಿಂದ ಎರಡು ರೂಪಾಯಿಗೆ ಸಮೀಪ. ಗ್ರಾಹಕರಿಗೂ ಬ್ರ್ಯಾಂಡ್‌ಗಿಂತ ಅಗ್ಗವೇ ಆಯಿತು, ನಿಜ. ಆದರೆ ಅಗ್ಗದ ತಯಾರಿಕೆಯಿಂದ ಬಂದ ಉಳಿತಾಯದಲ್ಲಿ ದೊಡ್ಡ ಪಾಲು ರೋಗಿಗೆ ತಲುಪಲಿಲ್ಲ. ಒಂದು ಅಂಗಡಿ ಅದೇ ಸ್ಟ್ರಿಪ್‌ಗೆ 50% ಬಿಟ್ಟರೆ, ಪಕ್ಕದ್ದು 70% ಬಿಡಬಹುದು, ಮತ್ತೊಂದು ಏನೂ ಬಿಡದೆ ಪೂರಾ 72 ವಸೂಲು ಮಾಡಬಹುದು. ಮೂರೂ ಎಂಆರ್‌ಪಿಯ ಒಳಗೇ ಇರುವುದರಿಂದ ಕಾನೂನಿನ ಕಣ್ಣಿಗೆ ಮೂರೂ ಸರಿ. ಹೀಗಾಗಿ ಟ್ರೇಡ್ ಜೆನೆರಿಕ್ ಕೊಳ್ಳುವಾಗ ಎರಡು ಅಂಗಡಿಯಲ್ಲಿ ವಿಚಾರಿಸಿದರೆ ಲಾಭವಿದೆ. ಬ್ರ್ಯಾಂಡ್‌ನಲ್ಲಿ ಅಷ್ಟು ಅಲೆದಾಡಿ ಉಳಿಯುವುದು ಕಡಿಮೆ.

ರಿಯಾಯಿತಿಯಂತೆ ಕಾಣುವ, ಆದರೆ ರಿಯಾಯಿತಿಯಲ್ಲದ ಇನ್ನೊಂದು ಸಂಗತಿಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ 12ರಿಂದ 5%ಗೆ ಇಳಿಯಿತು. ಹಳೆಯ ದರ ಮುದ್ರಿಸಿದ ಸ್ಟ್ರಿಪ್‌ಗಳನ್ನೂ ಇಳಿಸಿದ ದರದಲ್ಲೇ ಮಾರಬೇಕು. 112 ರೂಪಾಯಿಯದ್ದು 105 ಆಗಬೇಕು, ಅಂದರೆ ಆರೂಕಾಲು ಶೇಕಡಾ ಇಳಿಕೆ. ಹಳೆಯ ಸ್ಟ್ರಿಪ್ ಮೇಲೆ ‘6% ರಿಯಾಯಿತಿ’ ಎಂದು ಬಿಲ್ಲಿನಲ್ಲಿ ಬಂದಿದ್ದರೆ ಅಂಗಡಿ ಏನೂ ಬಿಟ್ಟುಕೊಟ್ಟಿಲ್ಲ ಎಂದೇ ಅರ್ಥ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುವುದರಿಂದ ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತೆಯೂ ಇಲ್ಲ.

ಬೆಲೆ ಮಿತಿ ಇದ್ದೂ ಅಂತರ ಏಕೆ?

ಟೆಲ್ಮಿಸಾರ್ಟನ್ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಆದ್ದರಿಂದ 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಅದಕ್ಕೆ ಗರಿಷ್ಠ ದರ ಗೊತ್ತುಮಾಡುತ್ತದೆ. ಹಾಗಿದ್ದರೂ 1.20ರಿಂದ 7.60ರವರೆಗೆ ಬೆಲೆ ಹರಡಿಕೊಂಡಿರಲು ಕಾರಣ, ಆ ಮಿತಿಯನ್ನು ಕಂಡುಹಿಡಿಯುವ ಕ್ರಮ.

1995ರ ಆದೇಶದಲ್ಲಿ ತಯಾರಿಕಾ ವೆಚ್ಚವನ್ನು ಆಧಾರವಾಗಿಟ್ಟುಕೊಂಡು ದರ ಕಟ್ಟುತ್ತಿದ್ದರು. 2013ರಲ್ಲಿ ಅದನ್ನು ಬಿಟ್ಟು ಮಾರುಕಟ್ಟೆ ದರವನ್ನು ಆಧಾರ ಮಾಡಿದರು. ಮಾರುಕಟ್ಟೆಯಲ್ಲಿ ಕನಿಷ್ಠ 1% ಪಾಲಿರುವ ಎಲ್ಲ ಬ್ರ್ಯಾಂಡ್‌ಗಳು ಅಂಗಡಿಗೆ ಮಾರುವ ದರದ ಸರಾಸರಿ ತೆಗೆದು, ಅದಕ್ಕೆ 16% ಲಾಭಾಂಶ ಸೇರಿಸಿದರೆ ಗರಿಷ್ಠ ದರ. ಅಂದರೆ ದುಬಾರಿ ಬ್ರ್ಯಾಂಡ್‌ಗಳು ಮಾರುಕಟ್ಟೆಯನ್ನು ಆಳುತ್ತಿದ್ದರೆ ಮಿತಿಯೂ ಅವುಗಳ ಹತ್ತಿರವೇ ನಿಲ್ಲುತ್ತದೆ. ತಯಾರಿಸಲು ನಿಜವಾಗಿ ಎಷ್ಟು ಬಿತ್ತು ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಏಳುವುದೇ ಇಲ್ಲ. ಮೇಲಾಗಿ ಸಗಟು ಬೆಲೆ ಸೂಚ್ಯಂಕ ಏರಿದಂತೆ ಪ್ರತಿ ಏಪ್ರಿಲ್‌ನಲ್ಲಿ ಮಿತಿಯನ್ನು ಏರಿಸಲು ಅವಕಾಶವಿದೆ. 2023ರಲ್ಲಿ ಈ ಏರಿಕೆ 12% ದಾಟಿತು. ಟ್ರೇಡ್ ಜೆನೆರಿಕ್ ಮಾಡುವವರೂ ಆ ಎತ್ತರದ ಮಿತಿಯವರೆಗೆ ಎಂಆರ್‌ಪಿ ಮುದ್ರಿಸಬಹುದು. ದೊಡ್ಡ ರಿಯಾಯಿತಿಯ ಫಲಕಕ್ಕೆ ಜಾಗ ಸಿಗುವುದು ಇಲ್ಲಿಯೇ.

ಪೇಟೆಂಟ್ ಇರುವ ಔಷಧದ ಕಥೆ ಬೇರೆ. ಸಕ್ಕರೆ ಕಾಯಿಲೆಯ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿಯುವವರೆಗೆ ಮಾತ್ರೆಗೆ ಸುಮಾರು 60 ರೂಪಾಯಿ ಇತ್ತು. ಮುಗಿದ ವಾರದಲ್ಲೇ ಭಾರತೀಯ ಕಂಪನಿಗಳ ಮಾತ್ರೆಗಳು ಬಂದವು, ಕೆಲವು 10 ರೂಪಾಯಿಗೂ ಕಡಿಮೆಗೆ. ಅಲ್ಲಿ ಇಳಿದದ್ದು ಏಕಸ್ವಾಮ್ಯದ ಬೆಲೆ. ಟೆಲ್ಮಿಸಾರ್ಟನ್‌ನಂಥ ಹಳೆಯ ಔಷಧದಲ್ಲಿ ನಾವು ಕೊಡುತ್ತಿರುವ ಹೆಚ್ಚುವರಿ ದುಡ್ಡು ಹೆಸರಿಗೆ, ಪ್ರಚಾರಕ್ಕೆ ಮತ್ತು ವ್ಯಾಪಾರದ ಲಾಭಾಂಶಕ್ಕೆ ಹೋಗುತ್ತದೆ.

ಅಗ್ಗದ್ದು ಕೆಲಸ ಮಾಡುತ್ತದೆಯೇ?

ಪೈಸೆಯ ಲೆಕ್ಕ ಎಷ್ಟು ಸರಿಯಿದ್ದರೂ ಮಾತ್ರೆ ಕೆಲಸ ಮಾಡದಿದ್ದರೆ ಅದು ಅಗ್ಗವಲ್ಲ. ಟೆಲ್ಮಿಸಾರ್ಟನ್ ವಿಷಯದಲ್ಲಿ ಈ ಪ್ರಶ್ನೆಗೆ ತೂಕವಿದೆ, ಏಕೆಂದರೆ ಅದು ನೀರಿನಲ್ಲಿ ಸುಲಭವಾಗಿ ಕರಗುವ ಔಷಧವಲ್ಲ. ಕರಗುವಂತೆ ಮಾಡಲು ಮಾತ್ರೆಯಲ್ಲಿ ಕ್ಷಾರೀಯ ವಸ್ತುಗಳನ್ನು ಸೇರಿಸುತ್ತಾರೆ. ಅದರಿಂದಾಗಿ ಮಾತ್ರೆ ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ಹಾಗಾಗಿ ಎರಡೂ ಬದಿ ಅಲ್ಯೂಮಿನಿಯಂ ಇರುವ ಸ್ಟ್ರಿಪ್ ಇದಕ್ಕೆ ಒಳ್ಳೆಯದು. ಯಾವ ಬೆಲೆಯದ್ದೇ ಕೊಂಡರೂ ಮಾತ್ರೆಯನ್ನು ನುಂಗುವ ಹೊತ್ತಿಗಷ್ಟೇ ಸ್ಟ್ರಿಪ್‌ನಿಂದ ತೆಗೆಯಬೇಕು. ವಾರದ ಮಾತ್ರೆಗಳನ್ನೆಲ್ಲ ಬಿಡಿಸಿ ಡಬ್ಬಿಯಲ್ಲಿ ಹಾಕಿಡುವ ಅಭ್ಯಾಸ, ಅದರಲ್ಲೂ ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಿ, ಈ ಔಷಧಕ್ಕೆ ಹೊಂದುವುದಿಲ್ಲ. ಮೆತ್ತಗಾದ, ಉಬ್ಬಿದ, ಬಣ್ಣ ಬದಲಾದ ಮಾತ್ರೆಯನ್ನು ಬಳಸಬಾರದು.

2017ರಲ್ಲಿ ಔಷಧ ನಿಯಮಗಳಿಗೆ ತಿದ್ದುಪಡಿ ಬಂದು, ಹೀಗೆ ಸುಲಭವಾಗಿ ಕರಗದ ಔಷಧಗಳ ತಯಾರಿಕಾ ಪರವಾನಗಿಗೆ ಜೈವಿಕ ಸಮಾನತೆಯ ಪರೀಕ್ಷೆ ಕಡ್ಡಾಯವಾಯಿತು. ಅಂದರೆ ಹೊಸ ತಯಾರಕರ ಮಾತ್ರೆಯಿಂದ ರಕ್ತಕ್ಕೆ ಸೇರುವ ಔಷಧದ ಪ್ರಮಾಣ, ಸೇರುವ ವೇಗ ಎರಡೂ ಮೂಲ ಔಷಧಕ್ಕೆ ಸರಿಸಮನಾಗಿವೆ ಎಂದು ತೋರಿಸಬೇಕು. ಅದಕ್ಕೂ ಮೊದಲು ಪರವಾನಗಿ ಪಡೆದವುಗಳಿಗೆಲ್ಲ ಈ ಪರೀಕ್ಷೆ ಆಗಿದೆ ಎನ್ನುವಂತಿಲ್ಲ. ಆದರೆ ಈ ಮಾತು ಜೆನೆರಿಕ್‌ಗೆ ಎಷ್ಟು ಅನ್ವಯವೋ ಹೆಸರಾಂತ ಬ್ರ್ಯಾಂಡ್‌ಗೂ ಅಷ್ಟೇ ಅನ್ವಯ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಹೊರಡಿಸುವ ಕಳಪೆ ಬ್ಯಾಚುಗಳ ಪಟ್ಟಿಯಲ್ಲೂ ಎರಡೂ ಬಗೆಯವು ಕಾಣಿಸಿಕೊಳ್ಳುತ್ತವೆ.

ಮನೆಯಲ್ಲೇ ಪರೀಕ್ಷಿಸಿಕೊಳ್ಳಲು ಒಂದು ದಾರಿ ಇದೆ. ಮಾತ್ರೆ ಬದಲಿಸುವ ಮೊದಲು ಒಂದು ವಾರ ದಿನವೂ ಒಂದೇ ಹೊತ್ತಿಗೆ ರಕ್ತದೊತ್ತಡ ಅಳೆದು ಬರೆದಿಡಿ. ಬದಲಿಸಿದ ನಾಲ್ಕು ವಾರಗಳ ನಂತರ ಮತ್ತೆ ಒಂದು ವಾರ ಹಾಗೆಯೇ ಅಳೆಯಿರಿ. ಎರಡು ವಾರಗಳ ಸರಾಸರಿಯನ್ನು ವೈದ್ಯರಿಗೆ ತೋರಿಸಿದರೆ ಅನುಮಾನಕ್ಕೆ ಉತ್ತರ ಸಿಗುತ್ತದೆ. ಅಳತೆಯಲ್ಲಿ ವ್ಯತ್ಯಾಸ ಕಂಡರೆ ಬ್ಯಾಚ್ ನಂಬರ್ ಇರುವ ಸ್ಟ್ರಿಪ್‌ನ ತುಂಡನ್ನೂ ಬಿಲ್ಲನ್ನೂ ಎಸೆಯದೆ ಇಟ್ಟುಕೊಳ್ಳಿ. ದೂರು ಕೊಡಬೇಕಾದರೆ ಅವೆರಡು ಬೇಕಾಗುತ್ತವೆ.

ಎಲ್ಲ ಔಷಧಗಳನ್ನೂ ಹೀಗೆ ಬದಲಿಸುತ್ತಾ ಹೋಗುವಂತಿಲ್ಲ. ಥೈರಾಯ್ಡ್‌ನ ಲಿವೋಥೈರಾಕ್ಸಿನ್, ಮೂರ್ಛೆರೋಗದ ಫಿನಿಟಾಯಿನ್, ರಕ್ತ ತೆಳುವಾಗಿಸುವ ವಾರ್ಫರಿನ್, ಅಂಗಾಂಗ ಕಸಿಯಾದವರು ತೆಗೆದುಕೊಳ್ಳುವ ಟ್ಯಾಕ್ರೋಲಿಮಸ್ ಇವುಗಳಲ್ಲಿ ಪ್ರಮಾಣದ ಸಣ್ಣ ಏರುಪೇರೂ ತೊಂದರೆ ಮಾಡಬಲ್ಲದು. ಇವನ್ನು ಒಂದು ಕಂಪನಿಯದಕ್ಕೆ ಹೊಂದಿಕೊಂಡ ಮೇಲೆ ಬೆಲೆಗಾಗಿ ತಿಂಗಳಿಗೊಂದರಂತೆ ಬದಲಿಸಬಾರದು. ಬದಲಿಸಲೇಬೇಕಾದರೆ ವೈದ್ಯರ ಗಮನಕ್ಕೆ ತಂದು, ರಕ್ತಪರೀಕ್ಷೆಯ ಜೊತೆಗೇ ಬದಲಿಸಬೇಕು.

ಚೀಟಿ, ಅಂಗಡಿ, ಕಾನೂನು

‘ಇದೇ ಸಾಲ್ಟು, ಇದೇ ಎಂಜಿ, ಕಡಿಮೆ ರೇಟಿನದು ಕೊಡಿ’ ಎಂದು ಕೇಳಿದಾಗ ಅಂಗಡಿಯವರು ಹಿಂದೆಮುಂದೆ ನೋಡುವುದಕ್ಕೆ ಕಾನೂನಿನ ಕಾರಣವೂ ಇದೆ. ಔಷಧ ನಿಯಮಗಳ 65ನೇ ನಿಯಮದಂತೆ, ಚೀಟಿ ಇದ್ದರೆ ಮಾತ್ರ ಕೊಡಬಹುದಾದ ಔಷಧಗಳಲ್ಲಿ ವೈದ್ಯರು ಬರೆದದ್ದರ ಬದಲು ಬೇರೊಂದನ್ನು, ಒಳಗಿನ ಔಷಧ ಒಂದೇ ಆಗಿದ್ದರೂ, ಕೊಡುವಂತಿಲ್ಲ. ವೈದ್ಯರು ಜೆನೆರಿಕ್ ಹೆಸರಿನಲ್ಲೇ ಬರೆಯಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ತಂದ ನಿಯಮಾವಳಿ ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು.

ಆದ್ದರಿಂದ ಈ ಮಾತನ್ನು ಎತ್ತಬೇಕಾದ ಜಾಗ ಅಂಗಡಿಯ ಕೌಂಟರ್ ಅಲ್ಲ, ವೈದ್ಯರ ಕೋಣೆ. ‘ಡಾಕ್ಟ್ರೇ, ದಿನಾ ತಗೊಳ್ಳೋ ಮಾತ್ರೆ, ಔಷಧದ ಹೆಸರಲ್ಲೇ ಬರೆದುಕೊಡಿ’ ಎಂದು ಕೇಳುವುದು ರೋಗಿಯ ಹಕ್ಕು. ಚೀಟಿಯಲ್ಲಿ ‘ಟೆಲ್ಮಿಸಾರ್ಟನ್ 40 ಎಂಜಿ’ ಎಂದು ಬಂದರೆ ಮೇಲಿನ ಪಟ್ಟಿಯ ನಾಲ್ಕೂ ಸಾಲು ರೋಗಿಯ ಆಯ್ಕೆಗೆ ತೆರೆದುಕೊಳ್ಳುತ್ತವೆ. ಮಿತಿ ದರ ತಿಳಿಯಲು ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’, ಜನೌಷಧಿಯ ದರ ಮತ್ತು ಕೇಂದ್ರ ತಿಳಿಯಲು ‘ಜನೌಷಧಿ ಸುಗಮ್’ ಎಂಬ ಆ್ಯಪ್‌ಗಳಿವೆ. ಜನೌಷಧಿಯಲ್ಲಿ ಬೇಕಾದ ಮಾತ್ರೆ ಆ ದಿನ ದಾಸ್ತಾನು ಇಲ್ಲದಿರುವ ಸಂದರ್ಭಗಳೂ ಉಂಟು. ದಿನನಿತ್ಯದ ಮಾತ್ರೆಯಾದರೆ ಹತ್ತು ದಿನದ್ದು ಕೈಯಲ್ಲಿರುವಾಗಲೇ ಮುಂದಿನ ತಿಂಗಳದ್ದನ್ನು ತರುವುದು ಒಳ್ಳೆಯದು.

ಏನು ಬದಲಾಗಬೇಕು

ರೋಗಿ ಎಷ್ಟು ಎಚ್ಚರದಿಂದಿದ್ದರೂ ಈ ಲೆಕ್ಕದ ಹೊರೆಯನ್ನು ಪೂರ್ತಿ ಅವರ ಮೇಲೆ ಹಾಕುವುದು ನ್ಯಾಯವಲ್ಲ. ಸರ್ಕಾರದ ಕೈಯಲ್ಲಿ ಈಗಾಗಲೇ ಪರೀಕ್ಷಿಸಿ ನೋಡಿದ ದಾರಿ ಒಂದಿದೆ. 2019ರ ಫೆಬ್ರವರಿಯಲ್ಲಿ ಪ್ರಾಧಿಕಾರ 42 ಕ್ಯಾನ್ಸರ್ ಔಷಧಗಳ ವ್ಯಾಪಾರ ಲಾಭಾಂಶಕ್ಕೆ 30%ರ ಮಿತಿ ಹಾಕಿತು. ಕಂಪನಿ ಮಾರುವ ದರಕ್ಕೂ ಎಂಆರ್‌ಪಿಗೂ ನಡುವೆ ಅದಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ ಎಂದಾಗ ನೂರಾರು ಬ್ರ್ಯಾಂಡ್‌ಗಳ ಮುದ್ರಿತ ಬೆಲೆಯೇ ಕೆಳಗಿಳಿಯಿತು. ತಯಾರಕರ ದರವನ್ನು ಮುಟ್ಟಲಿಲ್ಲ, ನಡುವಿನ ಉಬ್ಬರವನ್ನಷ್ಟೇ ತೆಗೆದರು.

ಅದೇ ಕ್ರಮವನ್ನು ಟ್ರೇಡ್ ಜೆನೆರಿಕ್‌ಗಳಿಗೆ ಅನ್ವಯಿಸಿದರೆ 15 ರೂಪಾಯಿಯ ಸ್ಟ್ರಿಪ್ ಮೇಲೆ 72 ಎಂದು ಮುದ್ರಿಸಲು ಆಗುವುದಿಲ್ಲ. 80% ರಿಯಾಯಿತಿಯ ಫಲಕಗಳು ಕಾಣೆಯಾಗುತ್ತವೆ, ಕೇಳಲು ಗೊತ್ತಿಲ್ಲದ ಗ್ರಾಹಕರಿಗೂ ಕೇಳಲು ಗೊತ್ತಿರುವವರಿಗೂ ಒಂದೇ ಬೆಲೆ ಸಿಗುತ್ತದೆ. ಸ್ಟ್ರಿಪ್ ಮೇಲೆ ಎಂಆರ್‌ಪಿಯ ಪಕ್ಕದಲ್ಲೇ ‘ಒಂದು ಮಾತ್ರೆಗೆ ಇಷ್ಟು’ ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸುವುದನ್ನೂ ಅದರ ಜೊತೆಗೇ ಕಡ್ಡಾಯ ಮಾಡಬೇಕು. ಅದಾಗುವವರೆಗೆ ಈ ತಿಂಗಳ ಬಿಲ್ಲಿನಲ್ಲಿ ಪ್ರತಿ ಔಷಧದ ಮುಂದೆ ಒಂದು ಮಾತ್ರೆಯ ಬೆಲೆಯನ್ನು ನಾವೇ ಬರೆದುಕೊಂಡು, ಅದನ್ನೇ ಮುಂದಿನ ಭೇಟಿಯಲ್ಲಿ ವೈದ್ಯರ ಮುಂದಿಡಬೇಕು.